ಡೋಪಮೀನ್: ಕೊರತೆಯಾದರೆ ನಡುಕ, ಅತಿಯಾದರೆ ಭ್ರಮೆ

ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವುಗಳಲ್ಲಿ ಡೋಪಮೀನ್ ಎಂಬ ರಾಸಾಯನಿಕವನ್ನು ತಯಾರಿಸುವವು ಕೆಲವೇ ಲಕ್ಷ. ಸಂಖ್ಯೆಯಲ್ಲಿ ಇಷ್ಟು ಕಡಿಮೆಯಾದರೂ ಇವುಗಳ ವ್ಯಾಪ್ತಿ ದೊಡ್ಡದು. ನಡುಮಿದುಳಿನಲ್ಲಿ ಒತ್ತಾಗಿ ಕುಳಿತಿರುವ ಈ ಕೋಶಗಳಿಂದ ಹೊರಡುವ ತಂತುಗಳು ಮುಂದೆ ಸಾಗಿ ಕವಲೊಡೆಯುತ್ತವೆ. ಒಂದೊಂದು ಕೋಶವೂ ಲಕ್ಷಗಟ್ಟಲೆ ಕಡೆ ಡೋಪಮೀನನ್ನು ಸುರಿಯಬಲ್ಲದು. ಕೈ ಎತ್ತುವುದು, ಹೆಜ್ಜೆ ಇಡುವುದು, ಸುತ್ತ ನಡೆಯುವ ನೂರು ಸಂಗತಿಗಳಲ್ಲಿ ಯಾವುದು ಮುಖ್ಯ ಎಂದು ಗುರುತಿಸುವುದು, ಎಲ್ಲಕ್ಕೂ ಈ ರಾಸಾಯನಿಕ ಬೇಕು. ಇದು ಒಂದು ಭಾಗದಲ್ಲಿ ಬತ್ತಿದರೆ ಪಾರ್ಕಿನ್ಸನ್ ಕಾಯಿಲೆಯ ನಡುಕ ಮತ್ತು ಬಿಗಿತ ಕಾಣಿಸಿಕೊಳ್ಳುತ್ತವೆ. ಇನ್ನೊಂದು ಭಾಗದಲ್ಲಿ ಮಿತಿಮೀರಿದರೆ ಇಲ್ಲದ ದನಿ ಕೇಳಿಸುವ, ಯಾರೋ ಹಿಂಬಾಲಿಸುತ್ತಿದ್ದಾರೆಂದು ನಂಬಿಸುವ ಸೈಕೋಸಿಸ್ ಎಂಬ ಚಿತ್ತವಿಕಲತೆ ಬರಬಹುದು. ಒಂದಕ್ಕೆ ಕೊಟ್ಟ ಮದ್ದು ಇನ್ನೊಂದನ್ನು ತಂದೊಡ್ಡುವುದೂ ಇದೇ ಕಾರಣಕ್ಕೆ.

ನಾಲ್ಕು ಹಾದಿಗಳು

ಡೋಪಮೀನ್ ಕೋಶಗಳನ್ನು ಅವುಗಳ ತಂತುಗಳು ಹೋಗಿ ಸೇರುವ ಜಾಗದ ಪ್ರಕಾರ ನಾಲ್ಕು ಹಾದಿಗಳಾಗಿ ವಿಂಗಡಿಸುವುದು ರೂಢಿ. ಮೊದಲನೆಯದು ನೈಗ್ರೋಸ್ಟ್ರಯೇಟಲ್ ಹಾದಿ. ನಡುಮಿದುಳಿನಲ್ಲಿ ಬರಿಗಣ್ಣಿಗೂ ಕಪ್ಪಗೆ ಕಾಣುವ ಒಂದು ಪಟ್ಟಿಯಿದೆ; ಅದರ ಹೆಸರು ಸಬ್‌ಸ್ಟ್ಯಾನ್ಶಿಯಾ ನೈಗ್ರಾ. ಅಲ್ಲಿನ ಕೋಶಗಳು ಮಿದುಳಿನ ಆಳದಲ್ಲಿರುವ ಸ್ಟ್ರಯೇಟಮ್ ಎಂಬ ಭಾಗದ ಮೇಲುಬದಿಗೆ ಡೋಪಮೀನ್ ಪೂರೈಸುತ್ತವೆ. ದೇಹದ ಚಲನೆ ಈ ಹಾದಿಯ ಹೊಣೆ.

ಎರಡನೆಯದಾದ ಮೀಸೋಲಿಂಬಿಕ್ ಹಾದಿ ಕಪ್ಪು ಪಟ್ಟಿಯ ಪಕ್ಕದ ಕೋಶಗುಂಪಿನಿಂದ ಹೊರಟು ಸ್ಟ್ರಯೇಟಮಿನ ಕೆಳಭಾಗವನ್ನೂ ಭಾವನೆ, ನೆನಪುಗಳಿಗೆ ಸಂಬಂಧಿಸಿದ ಭಾಗಗಳನ್ನೂ ಸೇರುತ್ತದೆ. ಬೇಕು ಎನ್ನುವ ಹಂಬಲ, ಸಿಕ್ಕಾಗಿನ ಕಲಿಕೆ ಇದಕ್ಕೆ ಸೇರಿದ ಕೆಲಸ. ಮೂರನೆಯದಾದ ಮೀಸೋಕಾರ್ಟಿಕಲ್ ಹಾದಿ ಹಣೆಯ ಹಿಂದಿನ ಮಿದುಳಿನ ಹೊರಪದರಕ್ಕೆ ಹೋಗುತ್ತದೆ. ಯೋಚನೆ ಮತ್ತು ಗಮನ ಅದನ್ನು ಅವಲಂಬಿಸಿವೆ. ನಾಲ್ಕನೆಯದು ಚಿಕ್ಕದು. ಅದು ಪಿಟ್ಯುಟರಿ ಗ್ರಂಥಿಯಲ್ಲಿ ಎದೆಹಾಲಿಗೆ ಕಾರಣವಾದ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಹದ್ದಿನಲ್ಲಿಡುತ್ತದೆ.

ನಾಲ್ಕು ಹಾದಿಗಳಲ್ಲೂ ಹರಿಯುವುದು ಒಂದೇ ಡೋಪಮೀನ್. ನುಂಗಿದ ಮಾತ್ರೆ ರಕ್ತದ ಮೂಲಕ ಇಡೀ ಮಿದುಳನ್ನು ಸೇರುವುದರಿಂದ ಇಂಥದೇ ಹಾದಿಯಲ್ಲಿ ಕೆಲಸ ಮಾಡು ಎಂದು ಅದಕ್ಕೆ ಹೇಳಲಾಗದು. ಮುಂದೆ ಹೇಳುವ ತೊಡಕುಗಳಿಗೆಲ್ಲ ಮೂಲ ಇದು.

ಸರ್ಪಗಂಧಿಯಿಂದ ಸಿಕ್ಕ ಸುಳಿವು

ಡೋಪಮೀನಿಗೂ ಚಲನೆಗೂ ಇರುವ ನಂಟು ಬೆಳಕಿಗೆ ಬಂದದ್ದು ಭಾರತದ ಒಂದು ಗಿಡದ ದಾರಿಯಿಂದ. ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಸರ್ಪಗಂಧಿಯ ಬೇರನ್ನು ನಾಟಿ ವೈದ್ಯದಲ್ಲಿ ಹುಚ್ಚಿಗೆ, ನಿದ್ರಾಹೀನತೆಗೆ ಕೊಡುವ ವಾಡಿಕೆ ಹಳೆಯದು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಆ ಬೇರು ರಕ್ತದೊತ್ತಡವನ್ನೂ ಉನ್ಮಾದವನ್ನೂ ತಗ್ಗಿಸುತ್ತದೆ ಎಂದು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನಿಂದ ರಿಸರ್ಪೀನ್ ಎಂಬ ಸಾರವನ್ನು ಬೇರ್ಪಡಿಸಿದರು. ಅಮೆರಿಕದ ಮಾನಸಿಕ ಆಸ್ಪತ್ರೆಗಳಲ್ಲಿ ಅದನ್ನು ಕೊಟ್ಟಾಗ ಉದ್ರಿಕ್ತ ರೋಗಿಗಳು ಶಾಂತರಾದರು. ಆದರೆ ಅವರಲ್ಲಿ ಕೆಲವರ ಮೈ ಬಿಗಿಯಿತು, ನಡಿಗೆ ನಿಧಾನವಾಯಿತು, ಕೈ ನಡುಗತೊಡಗಿತು. ನೋಡಿದವರಿಗೆ ಅವರು ಪಾರ್ಕಿನ್ಸನ್ ರೋಗಿಗಳಂತೆಯೇ ಕಂಡರು.

ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಆರ್ವಿಡ್ ಕಾರ್ಲ್‌ಸನ್ ಇದರ ಕಾರಣವನ್ನು ಮೊಲಗಳಲ್ಲಿ ಹುಡುಕಿದರು. ರಿಸರ್ಪೀನ್ ಚುಚ್ಚಿದ ಮೊಲ ಕಿವಿ ಇಳಿಬಿಟ್ಟುಕೊಂಡು ಕದಲದೆ ಬಿದ್ದಿರುತ್ತಿತ್ತು. ನರಕೋಶದೊಳಗೆ ಡೋಪಮೀನನ್ನು ಕೂಡಿಡುವ ಪುಟ್ಟ ಚೀಲಗಳಿವೆ; ರಿಸರ್ಪೀನ್ ಆ ಚೀಲಗಳಿಗೆ ಅದು ಸೇರದಂತೆ ತಡೆಯುತ್ತದೆ. ಹೊರಗುಳಿದ ಡೋಪಮೀನನ್ನು ಕಿಣ್ವಗಳು ಒಡೆದುಹಾಕುತ್ತವೆ, ದಾಸ್ತಾನು ಬರಿದಾಗುತ್ತದೆ. ಡೋಪಮೀನನ್ನೇ ಚುಚ್ಚಿ ಸರಿಪಡಿಸೋಣವೆಂದರೆ ಅದು ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ಅದರ ಹಿಂದಿನ ಹಂತದ ವಸ್ತುವಾದ ಎಲ್-ಡೋಪಾ ದಾಟುತ್ತದೆ, ಒಳಹೊಕ್ಕ ಮೇಲೆ ಡೋಪಮೀನ್ ಆಗಿ ಮಾರ್ಪಡುತ್ತದೆ. 1957ರಲ್ಲಿ ಕಾರ್ಲ್‌ಸನ್ ಅದನ್ನು ಕೊಟ್ಟಾಗ ಕದಲದೆ ಬಿದ್ದಿದ್ದ ಪ್ರಾಣಿಗಳು ಎದ್ದು ಓಡಾಡಿದವು. ಅದುವರೆಗೆ ಡೋಪಮೀನ್ ಎಂದರೆ ಬೇರೊಂದು ರಾಸಾಯನಿಕದ ತಯಾರಿಕೆಯಲ್ಲಿ ನಡುವೆ ಬಂದುಹೋಗುವ ವಸ್ತು ಎಂದಷ್ಟೇ ತಿಳಿಯಲಾಗಿತ್ತು. ಅದಕ್ಕೆ ತನ್ನದೇ ಕೆಲಸವಿದೆ ಎಂದು ತೋರಿಸಿದ ಕಾರ್ಲ್‌ಸನ್ 2000ದಲ್ಲಿ ನೊಬೆಲ್ ಪುರಸ್ಕಾರ ಹಂಚಿಕೊಂಡರು.

ಮೊಲದಲ್ಲಿ ಕಂಡದ್ದು ಮನುಷ್ಯನಲ್ಲೂ ನಿಜವೇ? ಉತ್ತರ 1960ರಲ್ಲಿ ವಿಯೆನ್ನಾದಿಂದ ಬಂತು. ಒಲೆ ಹಾರ್ನಿಕೀವಿಚ್ ಮತ್ತು ಹರ್ಬರ್ಟ್ ಎರಿಂಗರ್ ಪಾರ್ಕಿನ್ಸನ್ ಕಾಯಿಲೆಯಿಂದ ತೀರಿಕೊಂಡವರ ಮಿದುಳನ್ನು ಇತರರ ಮಿದುಳಿನೊಂದಿಗೆ ಹೋಲಿಸಿದರು. ಸ್ಟ್ರಯೇಟಮಿನ ಸಾರಕ್ಕೆ ಅಯೋಡಿನ್ ಸೇರಿಸಿ ಮಾಡುವ ಪರೀಕ್ಷೆಯಲ್ಲಿ ಡೋಪಮೀನ್ ಇದ್ದರೆ ದ್ರಾವಣ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆರೋಗ್ಯವಂತರ ಮಿದುಳಿನ ಸಾರ ಗುಲಾಬಿಯಾಯಿತು, ಪಾರ್ಕಿನ್ಸನ್ ರೋಗಿಗಳದ್ದು ಬಹುಮಟ್ಟಿಗೆ ಬಣ್ಣವಿಲ್ಲದೆ ಉಳಿಯಿತು. ಮರುವರ್ಷ ಅದೇ ಊರಿನ ವಾಲ್ಟರ್ ಬಿರ್ಕ್‌ಮಾಯರ್ ರೋಗಿಗಳ ರಕ್ತನಾಳಕ್ಕೆ ಎಲ್-ಡೋಪಾ ಚುಚ್ಚಿದರು. ಎದ್ದು ಕೂರಲಾಗದವರು ಕೆಲವು ಗಂಟೆ ನಡೆದಾಡಿದರು. 1967ರಲ್ಲಿ ನ್ಯೂಯಾರ್ಕಿನಲ್ಲಿ ಜಾರ್ಜ್ ಕೋಟ್ಸಿಯಾಸ್ ಅದನ್ನು ಬಾಯಿಯ ಮೂಲಕ, ಸಣ್ಣದಾಗಿ ಶುರುಮಾಡಿ ದೊಡ್ಡ ಪ್ರಮಾಣಕ್ಕೆ ಏರಿಸುವ ಕ್ರಮ ಕಂಡುಕೊಂಡರು. ಲೀವೋಡೋಪಾ ಎಂಬ ಹೆಸರಿನಲ್ಲಿ ಇಂದಿಗೂ ಈ ಕಾಯಿಲೆಯ ಮುಖ್ಯ ಔಷಧ ಅದೇ. ಕರ್ನಾಟಕದ ಬೇಲಿಗಳಲ್ಲಿ ಹಬ್ಬುವ, ಮುಟ್ಟಿದರೆ ನವೆಯೆಬ್ಬಿಸುವ ನಸುಗುನ್ನಿಯ ಬೀಜದಲ್ಲೂ ಈ ವಸ್ತು ಸಹಜವಾಗಿಯೇ ಇದೆ.

ಬಿಗಿತ ಎಲ್ಲಿಂದ ಬರುತ್ತದೆ

ಪಾರ್ಕಿನ್ಸನ್ ಕಾಯಿಲೆಯಲ್ಲಿ ಸ್ನಾಯುಗಳಿಗೆ ಏನೂ ಆಗಿರುವುದಿಲ್ಲ, ಲಕ್ವ ಹೊಡೆದವರಂತೆ ಶಕ್ತಿ ಉಡುಗಿರುವುದೂ ಇಲ್ಲ. ಕೆಡುವುದು ಚಲನೆಗೆ ಅನುಮತಿ ಕೊಡುವ ವ್ಯವಸ್ಥೆ. ಮಿದುಳಿನ ಆಳದಲ್ಲಿ ಗ್ಲೋಬಸ್ ಪ್ಯಾಲಿಡಸ್ ಎಂಬ ಕೇಂದ್ರವಿದೆ. ಅದರ ಒಳಭಾಗ ಥಲಾಮಸ್ ಎಂಬ ಭಾಗವನ್ನು ಸದಾ ಅದುಮಿ ಹಿಡಿದಿರುತ್ತದೆ. ಆ ಹಿಡಿತ ಸಡಿಲವಾದಾಗ ಮಾತ್ರ ಥಲಾಮಸ್ ಮಿದುಳಿನ ಹೊರಪದರವನ್ನು ಎಬ್ಬಿಸಿ ಚಲನೆ ನಡೆಯಗೊಡುತ್ತದೆ.

ಈ ಹಿಡಿತವನ್ನು ಸ್ಟ್ರಯೇಟಮ್ ಎರಡು ದಾರಿಗಳಿಂದ ನಿಯಂತ್ರಿಸುತ್ತದೆ. ನೇರ ದಾರಿ ವಾಹನದ ಆಕ್ಸಿಲರೇಟರಿನಂತೆ, ಸುತ್ತುದಾರಿ ಬ್ರೇಕಿನಂತೆ. ನೇರ ದಾರಿಯ ಕೋಶಗಳು ಪ್ಯಾಲಿಡಸನ್ನು ಸುಮ್ಮನಾಗಿಸಿ ಚಲನೆಯನ್ನು ಬಿಡುಗಡೆ ಮಾಡುತ್ತವೆ. ಸುತ್ತುದಾರಿಯ ಕೋಶಗಳು ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಪುಟ್ಟ ಕೇಂದ್ರದ ಮೂಲಕ ಪ್ಯಾಲಿಡಸನ್ನು ಇನ್ನಷ್ಟು ಚುರುಕುಗೊಳಿಸಿ ಚಲನೆಯನ್ನು ತಡೆಯುತ್ತವೆ. ಡೋಪಮೀನ್ ಬಂದು ಕೂರುವ ಗ್ರಾಹಕಗಳು ಎರಡು ಕಡೆಯೂ ಬೇರೆ ಬೇರೆ. ಆಕ್ಸಿಲರೇಟರ್ ಕೋಶಗಳ ಮೇಲಿರುವುದು ಡಿ1 ಗ್ರಾಹಕ. ಅದರ ಮೂಲಕ ಡೋಪಮೀನ್ ಆ ಕೋಶಗಳನ್ನು ಹುರಿದುಂಬಿಸುತ್ತದೆ. ಬ್ರೇಕ್ ಕೋಶಗಳ ಮೇಲಿರುವುದು ಡಿ2. ಅದರ ಮೂಲಕ ಡೋಪಮೀನ್ ಅವುಗಳನ್ನು ಸುಮ್ಮನಾಗಿಸುತ್ತದೆ. ಎರಡರ ಫಲವೂ ಒಂದೇ, ಚಲನೆ ಸಲೀಸಾಗುವುದು. ಡೋಪಮೀನ್ ಇಲ್ಲದಾದಾಗ ಆಕ್ಸಿಲರೇಟರ್ ಸಡಿಲವಾಗಿ ಬ್ರೇಕ್ ಗಟ್ಟಿಯಾಗುತ್ತದೆ. ಮನಸ್ಸು ಏಳು ಎಂದರೂ ಮೈ ತಡವಾಗಿ ಏಳುತ್ತದೆ. ಅಕ್ಷರ ಬರೆಯುತ್ತ ಹೋದಂತೆ ಚಿಕ್ಕದಾಗುತ್ತದೆ. ಮುಖದಲ್ಲಿ ಭಾವ ಮೂಡುವುದು ಕಡಿಮೆಯಾಗುತ್ತದೆ.

ಬಿಗಿತವೂ ಇದೇ ಏರುಪೇರಿನ ಮುಂದುವರಿಕೆ. ಸ್ನಾಯುವನ್ನು ಯಾರಾದರೂ ಎಳೆದಾಗ ಅದು ತುಸು ಪ್ರತಿರೋಧ ತೋರುವುದು ಸಹಜ. ಈ ಪ್ರತಿಕ್ರಿಯೆಯ ಒಂದು ಭಾಗ ಮಿದುಳನ್ನು ಸುತ್ತಿಬರುತ್ತದೆ, ಪಾರ್ಕಿನ್ಸನ್ನಿನಲ್ಲಿ ಅತಿಯಾಗುವುದು ಆ ಭಾಗ. ವೈದ್ಯರು ರೋಗಿಯ ಮೊಣಕೈಯನ್ನು ಮೆಲ್ಲಗೆ ಮಡಚಿ ಬಿಡಿಸಿದಾಗ ಎರಡೂ ದಿಕ್ಕಿನಲ್ಲಿ, ಉದ್ದಕ್ಕೂ ಒಂದೇ ಸಮನಾದ ತಡೆ ಸಿಗುತ್ತದೆ. ಲಕ್ವದ ನಂತರದ ಬಿಗಿತ ಹೀಗಿರುವುದಿಲ್ಲ. ಅದು ಬೇಗ ಎಳೆದಷ್ಟೂ ಹೆಚ್ಚುತ್ತದೆ, ನಡುವೆ ಸಟಕ್ಕನೆ ಸಡಿಲುತ್ತದೆ. ಪಾರ್ಕಿನ್ಸನ್ನಿನ ಬಿಗಿತದೊಂದಿಗೆ ನಡುಕವೂ ಬೆರೆತಿದ್ದರೆ ಕೈ ತಡೆತಡೆದು, ಮೆಟ್ಟಿಲು ಮೆಟ್ಟಿಲಾಗಿ ಮಡಚಿಕೊಳ್ಳುತ್ತದೆ.

ಈ ವಿವರಣೆಗೆ ಗಟ್ಟಿ ಆಧಾರ ಸಿಕ್ಕಿದ್ದು ಒಂದು ದುರಂತದಿಂದ. 1982ರಲ್ಲಿ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಹೆರಾಯಿನ್ ಎಂದು ಮಾರಿದ್ದ ಕೃತಕ ಮಾದಕವಸ್ತುವನ್ನು ಚುಚ್ಚಿಕೊಂಡ ಕೆಲವು ಯುವಕರು ದಿನಗಳೊಳಗೆ ಮರಗಟ್ಟಿದಂತಾದರು. ಮಾತಾಡಲಾರರು, ಕದಲಲಾರರು. ನರವೈದ್ಯ ವಿಲಿಯಂ ಲ್ಯಾಂಗ್‌ಸ್ಟನ್ ಅವರಿಗೆ ಲೀವೋಡೋಪಾ ಕೊಟ್ಟಾಗ ಚಲನೆ ಮರಳಿತು. ತಯಾರಿಕೆ ಕೆಟ್ಟು ಆ ವಸ್ತುವಿನಲ್ಲಿ ಎಂಪಿಟಿಪಿ ಎಂಬ ವಿಷ ಸೇರಿತ್ತು. ಮಿದುಳಿನ ಒಂದು ಕಿಣ್ವ ಅದನ್ನು ಇನ್ನೊಂದು ರೂಪಕ್ಕೆ ಬದಲಿಸುತ್ತದೆ. ಬಳಸಿದ ಡೋಪಮೀನನ್ನು ಮರಳಿ ಒಳಗೆಳೆದುಕೊಳ್ಳುವ ದ್ವಾರದ ಮೂಲಕವೇ ಆ ರೂಪ ಡೋಪಮೀನ್ ಕೋಶಗಳನ್ನು ಹೊಕ್ಕು, ಶಕ್ತಿಯ ಉತ್ಪಾದನೆಯನ್ನು ನಿಲ್ಲಿಸಿ ಅವುಗಳನ್ನು ಕೊಲ್ಲುತ್ತದೆ. ಅಂದರೆ ಬಹುಮಟ್ಟಿಗೆ ಕಪ್ಪು ಪಟ್ಟಿಯ ಕೋಶಗಳಷ್ಟೇ ನಾಶವಾದರೂ ಪಾರ್ಕಿನ್ಸನ್ನಿನ ಚಿತ್ರ ಮೂಡುತ್ತದೆ. ಅದೇ ವಿಷ ಕೊಟ್ಟ ಕೋತಿಗಳಲ್ಲಿ ಸಬ್‌ಥಲಾಮಿಕ್ ನ್ಯೂಕ್ಲಿಯಸನ್ನು ಹಾಳುಗೆಡವಿದಾಗ ಬಿಗಿತವೂ ನಿಧಾನವೂ ತಗ್ಗಿದವೆಂದು 1990ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಬ್ರೇಕಿನ ದಾರಿ ಅತಿಯಾಗಿತ್ತು ಎಂಬುದಕ್ಕೆ ಅದು ಸಾಕ್ಷಿ. ಇಂದು ಅದೇ ಕೇಂದ್ರಕ್ಕೆ ತಂತಿ ಇಳಿಸಿ ವಿದ್ಯುತ್ ಮಿಡಿತ ಕೊಡುವ ಡಿಬಿಎಸ್ ಶಸ್ತ್ರಚಿಕಿತ್ಸೆ ಭಾರತದಲ್ಲೂ ನಡೆಯುತ್ತದೆ.

ಸಹಜವಾಗಿ ಬರುವ ಪಾರ್ಕಿನ್ಸನ್ನಿನಲ್ಲಿ ಕೋಶಗಳು ಸಾಯುವುದು ವರ್ಷಗಟ್ಟಲೆ, ನಿಧಾನವಾಗಿ. ಉಳಿದ ಕೋಶಗಳು ಹೆಚ್ಚು ದುಡಿದು ಕೊರತೆಯನ್ನು ತುಂಬಿಕೊಡುತ್ತವೆ. ಆದ್ದರಿಂದ ಮೊದಲ ಲಕ್ಷಣ ಕಾಣುವಷ್ಟರಲ್ಲಿ ಕಪ್ಪು ಪಟ್ಟಿಯ ಅರ್ಧದಷ್ಟು ಕೋಶಗಳೂ ಸ್ಟ್ರಯೇಟಮಿನ ಬಹುಪಾಲು ಡೋಪಮೀನೂ ಹೋಗಿರುತ್ತವೆ. ನಾಶ ಒಂದು ಬದಿಯಲ್ಲಿ ಹೆಚ್ಚಿರುವುದರಿಂದ ಕಾಯಿಲೆ ಸಾಮಾನ್ಯವಾಗಿ ಒಂದೇ ಕೈಯಿಂದ ಶುರುವಾಗುತ್ತದೆ.

ನಡುಕದ ವಿಚಾರ ಅಷ್ಟು ಸರಳವಲ್ಲ

ಪಾರ್ಕಿನ್ಸನ್ನಿನ ನಡುಕ ಕೈ ಸುಮ್ಮನಿದ್ದಾಗ ಬರುವಂಥದು. ತೊಡೆಯ ಮೇಲಿಟ್ಟ ಕೈಯ ಹೆಬ್ಬೆರಳು ತೋರುಬೆರಳಿನ ಮೇಲೆ ಸೆಕೆಂಡಿಗೆ 4ರಿಂದ 6 ಬಾರಿ ಉಜ್ಜುತ್ತಿರುತ್ತದೆ. ಲೋಟ ಹಿಡಿಯಲು ಕೈ ಚಾಚಿದರೆ ತಗ್ಗುತ್ತದೆ, ನಿದ್ದೆಯಲ್ಲಿ ನಿಲ್ಲುತ್ತದೆ. ಮನಸ್ಸಿನಲ್ಲೇ ಲೆಕ್ಕ ಮಾಡಲು ಹೇಳಿದರೆ ಹೆಚ್ಚುತ್ತದೆ. ಕೆಲಸ ಮಾಡುವಾಗಲೇ ಕೈ ನಡುಗುವುದಾದರೆ ಅದು ಬೇರೆ ಬಗೆಯ ನಡುಕವಾಗಿರುವ ಸಾಧ್ಯತೆ ಹೆಚ್ಚು.

ಡೋಪಮೀನ್ ಕಡಿಮೆಯಾದಷ್ಟೂ ಬಿಗಿತ ಮತ್ತು ನಿಧಾನಗತಿ ಹೆಚ್ಚುತ್ತವೆ. ನಡುಕ ಹಾಗಲ್ಲ. ತೀವ್ರ ಕೊರತೆಯಿದ್ದೂ ನಡುಗದವರಿದ್ದಾರೆ, ಅಲ್ಪ ಕೊರತೆಯಲ್ಲೇ ಬಹಳ ನಡುಗುವವರಿದ್ದಾರೆ. ಕೆಲವರ ನಡುಕ ಲೀವೋಡೋಪಾಗೆ ಜಗ್ಗುವುದೂ ಇಲ್ಲ. ನಡುಕದಲ್ಲಿ ಎರಡು ಜಾಲಗಳ ಪಾತ್ರವಿದೆ ಎಂಬುದು ಈಗ ಹೆಚ್ಚು ಒಪ್ಪಿತವಾದ ವಿವರಣೆ. ಡೋಪಮೀನ್ ಕಳೆದುಕೊಂಡ ಪ್ಯಾಲಿಡಸಿನ ಕೋಶಗಳು ಬಿಡಿಬಿಡಿಯಾಗಿ ಮಿಡಿಯುವ ಬದಲು ಒಟ್ಟಾಗಿ ಮಿಡಿಯತೊಡಗಿ ನಡುಕವನ್ನು ಆರಂಭಿಸುತ್ತವೆ. ಕಿರುಮಿದುಳಿನಿಂದ ಥಲಾಮಸ್ ಮೂಲಕ ಹೊರಪದರಕ್ಕೆ ಹೋಗುವ ಇನ್ನೊಂದು ಜಾಲ ಅದನ್ನು ಹಿಗ್ಗಿಸಿ ಮುಂದುವರಿಸುತ್ತದೆ. ಥಲಾಮಸಿನಲ್ಲಿ ಕಿರುಮಿದುಳಿನ ತಂತುಗಳು ಬಂದು ಸೇರುವ ಚಿಕ್ಕ ಜಾಗವನ್ನು ಸುಟ್ಟರೆ ನಡುಕ ನಿಲ್ಲುವುದೂ ಬಿಗಿತ, ನಿಧಾನಗಳು ಅಷ್ಟಾಗಿ ತಗ್ಗದಿರುವುದೂ ಈ ವಿವರಣೆಗೆ ಹೊಂದುತ್ತವೆ.

ಇನ್ನೊಂದು ತುದಿ: ಅತಿಯಾದಾಗ

ಡೋಪಮೀನ್ ಹೆಚ್ಚಾದಾಗ ಏನಾಗುತ್ತದೆ ಎಂಬ ಕಥೆಯೂ ಔಷಧದಿಂದಲೇ ಶುರುವಾಗುತ್ತದೆ. 1952ರಲ್ಲಿ ಪ್ಯಾರಿಸ್ಸಿನ ಮನೋವೈದ್ಯರಾದ ಜೀನ್ ಡಿಲೇ ಮತ್ತು ಪಿಯರ್ ಡೆನಿಕರ್ ಕ್ಲೋರ್‌ಪ್ರೊಮಜೀನ್ ಎಂಬ ಹೊಸ ಮದ್ದನ್ನು ಸೈಕೋಸಿಸ್ ರೋಗಿಗಳಿಗೆ ಕೊಟ್ಟರು. ದನಿಗಳು ತಗ್ಗಿದವು, ಸಂಶಯಗಳು ಸಡಿಲಿದವು. ಜೊತೆಗೆ ಕೈಕಾಲು ಬಿಗಿದವು. ಈ ಔಷಧಗಳು ಡೋಪಮೀನ್ ಮತ್ತು ಅದರಂಥ ವಸ್ತುಗಳ ಗ್ರಾಹಕವನ್ನು ಮುಚ್ಚುತ್ತಿರಬಹುದು ಎಂದು 1963ರಲ್ಲಿ ಸೂಚಿಸಿದವರಲ್ಲಿ ಕಾರ್ಲ್‌ಸನ್ ಕೂಡ ಒಬ್ಬರು. 1970ರ ದಶಕದಲ್ಲಿ ಟೊರಾಂಟೊದ ಫಿಲಿಪ್ ಸೀಮನ್ ಮತ್ತು ಅಮೆರಿಕದ ಸಾಲೊಮನ್ ಸ್ನೈಡರ್ ಅವರ ತಂಡಗಳು ಇದನ್ನು ಅಳೆದು ತೋರಿಸಿದವು. ಡಿ2 ಗ್ರಾಹಕವನ್ನು ಗಟ್ಟಿಯಾಗಿ ಹಿಡಿಯುವ ಹ್ಯಾಲೊಪೆರಿಡಾಲ್ ಕೆಲವೇ ಮಿಲಿಗ್ರಾಂ ಸಾಕು, ಸಡಿಲವಾಗಿ ಹಿಡಿಯುವ ಕ್ಲೋರ್‌ಪ್ರೊಮಜೀನ್ ನೂರಾರು ಮಿಲಿಗ್ರಾಂ ಬೇಕು. ಹಿಡಿತ ಮತ್ತು ಪ್ರಮಾಣಗಳ ಈ ಹೊಂದಿಕೆ ಆಗಿನ ಎಲ್ಲ ಸೈಕೋಸಿಸ್ ಔಷಧಗಳಿಗೂ ಅನ್ವಯಿಸಿತು.

ಎದುರು ದಿಕ್ಕಿನ ಸಾಕ್ಷ್ಯವೂ ಇತ್ತು. ಆ್ಯಂಫೆಟಮೀನ್ ಎಂಬ ಉತ್ತೇಜಕ ನರಕೋಶಗಳಿಂದ ಡೋಪಮೀನನ್ನು ಹೊರದೂಡುತ್ತದೆ. ಅದನ್ನು ಅತಿಯಾಗಿ ಸೇವಿಸಿದವರಿಗೆ ಬರುವ ಭ್ರಮೆ, ಸಂಶಯಗಳು ಸ್ಕಿಜೋಫ್ರೇನಿಯಾದಿಂದ ಬೇರ್ಪಡಿಸಲು ಕಷ್ಟವಾಗುವಷ್ಟು ಹೋಲುತ್ತವೆ ಎಂದು ಲಂಡನ್ನಿನ ಫಿಲಿಪ್ ಕಾನೆಲ್ 1958ರಲ್ಲೇ ದಾಖಲಿಸಿದ್ದರು. 1990ರ ದಶಕದಲ್ಲಿ ಮಿದುಳಿನ ಸ್ಕ್ಯಾನ್‌ಗಳು ನೇರ ಪುರಾವೆ ಒದಗಿಸಿದವು. ಆ್ಯಂಫೆಟಮೀನಿನ ಒಂದೇ ಪ್ರಮಾಣ ಕೊಟ್ಟಾಗ ಸ್ಕಿಜೋಫ್ರೇನಿಯಾ ಇರುವವರ ಸ್ಟ್ರಯೇಟಮಿನಲ್ಲಿ ಉಳಿದವರಿಗಿಂತ ಹೆಚ್ಚು ಡೋಪಮೀನ್ ಬಿಡುಗಡೆಯಾಗುತ್ತಿತ್ತು. ಅವರ ನರತುದಿಗಳು ಅದನ್ನು ತಯಾರಿಸುವ ವೇಗವೂ ಸರಾಸರಿಯಲ್ಲಿ ಹೆಚ್ಚಿತ್ತು. ಈ ಹೆಚ್ಚಳ ಇರುವುದು ಮೀಸೋಲಿಂಬಿಕ್ ಹಾದಿಯಲ್ಲೇ ಎಂದು ಪಠ್ಯಪುಸ್ತಕಗಳು ಬಹುಕಾಲ ಹೇಳುತ್ತ ಬಂದವು. ಸೂಕ್ಷ್ಮ ಸ್ಕ್ಯಾನ್‌ಗಳು ಬಂದ ಮೇಲೆ ಅದು ಸ್ಟ್ರಯೇಟಮಿನ ಮೇಲುಬದಿಯಲ್ಲಿ, ಯೋಚನೆಗೆ ಸಂಬಂಧಿಸಿದ ಭಾಗದಲ್ಲಿ ಎದ್ದು ಕಾಣುತ್ತದೆಂದು ತಿಳಿದುಬಂದಿದೆ.

ಒಂದು ರಾಸಾಯನಿಕ ಹೆಚ್ಚಾದರೆ ಮನುಷ್ಯ ಇಲ್ಲದ್ದನ್ನು ಏಕೆ ನಂಬಬೇಕು? ಡೋಪಮೀನ್ ಕೋಶಗಳು ಯಾವಾಗ ಮಿಡಿಯುತ್ತವೆ ಎಂಬುದರಲ್ಲಿ ಇದರ ಉತ್ತರವಿದೆ. ವೊಲ್ಫ್‌ರಾಮ್ ಶುಲ್ಟ್ಸ್ ಕೋತಿಗಳಲ್ಲಿ ಮಾಡಿದ ಪ್ರಯೋಗಗಳಲ್ಲಿ, ನಿರೀಕ್ಷಿಸದೆ ಹಣ್ಣಿನ ರಸ ಸಿಕ್ಕಾಗ ಈ ಕೋಶಗಳು ಚುರುಕಾಗಿ ಮಿಡಿದವು. ನಿರೀಕ್ಷಿಸಿದಂತೆಯೇ ಸಿಕ್ಕರೆ ಮಿಡಿಯಲಿಲ್ಲ. ಅಂದರೆ ಡೋಪಮೀನಿನ ಮಿಡಿತ ‘ಇದು ಗಮನಿಸಬೇಕಾದ್ದು’ ಎಂಬ ಗುರುತು. ಕಾರಣವಿಲ್ಲದೆ ಆ ಮಿಡಿತ ಬರತೊಡಗಿದರೆ ಯಾವ ವಿಶೇಷವೂ ಇಲ್ಲದ ಸಂಗತಿಗಳಿಗೆ ಮಹತ್ವ ಅಂಟಿಕೊಳ್ಳುತ್ತದೆ. ಬಸ್ಸಿನಲ್ಲಿ ಯಾರೋ ಕೆಮ್ಮಿದ್ದು, ಟಿವಿ ವಾರ್ತೆಯ ಒಂದು ಪದ, ಎದುರುಮನೆಯ ಕಿಟಕಿ ಮುಚ್ಚಿದ್ದು, ಎಲ್ಲವೂ ತನ್ನನ್ನೇ ಉದ್ದೇಶಿಸಿದಂತೆ ತೋರುತ್ತದೆ. ಅದಕ್ಕೊಂದು ವಿವರಣೆ ಬೇಕಲ್ಲ? ‘ನನ್ನ ಮೇಲೆ ಕಣ್ಣಿಟ್ಟಿದ್ದಾರೆ’ ಎಂಬ ನಂಬಿಕೆ ಅಲ್ಲಿ ಹುಟ್ಟುತ್ತದೆ. ಭಾರತೀಯ ಮೂಲದ ಮನೋವೈದ್ಯ ಶಿತಿಜ್ ಕಪೂರ್ 2003ರಲ್ಲಿ ಈ ವಿವರಣೆಯನ್ನು ವಿಸ್ತಾರವಾಗಿ ಮಂಡಿಸಿದರು. ಔಷಧ ಡಿ2 ಗ್ರಾಹಕವನ್ನು ಮುಚ್ಚಿದಾಗ ಹೊಸ ಮಹತ್ವಗಳು ಅಂಟಿಕೊಳ್ಳುವುದು ನಿಲ್ಲುತ್ತದೆ. ಈಗಾಗಲೇ ಬೇರೂರಿದ ನಂಬಿಕೆ ಮಾತ್ರ ಒಡನೆ ಅಳಿಯುವುದಿಲ್ಲ, ದಿನಗಳು, ವಾರಗಳು ಕಳೆದಂತೆ ಬಲ ಕಳೆದುಕೊಳ್ಳುತ್ತದೆ.

ಡೋಪಮೀನಿನ ಹೆಚ್ಚಳ ಸ್ಕಿಜೋಫ್ರೇನಿಯಾದ ಎಲ್ಲವನ್ನೂ ವಿವರಿಸದು. ಮಾತು ಕಡಿಮೆಯಾಗುವುದು, ಉತ್ಸಾಹ ಬತ್ತುವುದು, ಗಮನ ನಿಲ್ಲದಿರುವುದು ಈ ಔಷಧಗಳಿಂದ ಅಷ್ಟಾಗಿ ಸುಧಾರಿಸುವುದಿಲ್ಲ. ಮುಂಭಾಗದ ಹೊರಪದರದಲ್ಲಿ ಡೋಪಮೀನ್ ಕಡಿಮೆಯೇ ಇರಬಹುದು ಎಂಬುದಕ್ಕೆ ಸೂಚನೆಗಳಿವೆ. ಡಿ2 ಗ್ರಾಹಕವನ್ನು ಸಾಕಷ್ಟು ಮುಚ್ಚಿದರೂ ಸುಮಾರು ಮೂರನೇ ಒಂದು ಪಾಲು ರೋಗಿಗಳಿಗೆ ಸಾಕಷ್ಟು ಗುಣ ಕಾಣುವುದಿಲ್ಲ. ಗ್ಲುಟಮೇಟ್ ಎಂಬ ಬೇರೊಂದು ನರರಾಸಾಯನಿಕದ ಏರುಪೇರಿನಿಂದಲೂ ಸೈಕೋಸಿಸ್ ಬರಬಲ್ಲದು. ಅದರ ಗ್ರಾಹಕವನ್ನು ತಡೆಯುವ ಕೀಟಮೀನ್ ಅರಿವಳಿಕೆ ಮದ್ದು ಇದಕ್ಕೆ ಉದಾಹರಣೆ.

ಮದ್ದಿನ ಕಿರಿದಾದ ಅಂಚು

ಡಿ2 ಗ್ರಾಹಕಗಳು ಚಲನೆಯ ಹಾದಿಯಲ್ಲೂ ಇವೆ, ಪಿಟ್ಯುಟರಿಯಲ್ಲೂ ಇವೆ. ಔಷಧ ಎಷ್ಟು ಗ್ರಾಹಕಗಳನ್ನು ಮುಚ್ಚಿದರೆ ಏನಾಗುತ್ತದೆ ಎಂಬುದನ್ನು ಕಪೂರ್ ಮತ್ತು ಸಂಗಡಿಗರು ಹ್ಯಾಲೊಪೆರಿಡಾಲ್ ಪಡೆಯುತ್ತಿದ್ದವರ ಸ್ಕ್ಯಾನ್ ಮಾಡಿ 2000ದಲ್ಲಿ ಪ್ರಕಟಿಸಿದರು. ಶೇ. 65ರಷ್ಟು ಮುಚ್ಚಿದಾಗ ರೋಗಲಕ್ಷಣ ಇಳಿಯುವ ಸಾಧ್ಯತೆ ಹೆಚ್ಚುತ್ತದೆ. ಶೇ. 72 ದಾಟಿದರೆ ಪ್ರೊಲ್ಯಾಕ್ಟಿನ್ ಏರುತ್ತದೆ. ಶೇ. 78 ದಾಟಿದರೆ ಬಿಗಿತ, ನಡುಕದಂಥ ತೊಂದರೆಗಳು ಕಾಣಿಸತೊಡಗುತ್ತವೆ. ಗುಣಕ್ಕೂ ತೊಂದರೆಗೂ ನಡುವಿನ ಅಂತರ ಇಷ್ಟೇ. ಮಾತ್ರೆಯ ಪ್ರಮಾಣ ಸ್ವಲ್ಪ ಹೆಚ್ಚಾದರೂ ಕೈ ಬಿಗಿಯುವುದು, ಹೆಂಗಸರಲ್ಲಿ ಮುಟ್ಟು ನಿಲ್ಲುವುದು ಈ ಕಾರಣಕ್ಕೆ.

ಔಷಧದಿಂದ ಬಂದ ಪಾರ್ಕಿನ್ಸನ್ ಲಕ್ಷಣಗಳನ್ನು ನಿಜವಾದ ಕಾಯಿಲೆಯಿಂದ ಬೇರ್ಪಡಿಸಲು ಕೆಲವು ಗುರುತುಗಳಿವೆ. ಔಷಧದ್ದು ಸಾಮಾನ್ಯವಾಗಿ ಎರಡೂ ಬದಿಯಲ್ಲಿ ಸಮನಾಗಿ, ಮದ್ದು ಶುರುಮಾಡಿದ ಅಥವಾ ಹೆಚ್ಚಿಸಿದ ಕೆಲವು ವಾರಗಳಲ್ಲಿ ಬರುತ್ತದೆ. ನಿಜವಾದದ್ದು ಒಂದು ಬದಿಯಿಂದ ಶುರುವಾಗಿ ವರ್ಷಗಟ್ಟಲೆ ಬೆಳೆಯುತ್ತದೆ. ಸಂದೇಹ ಉಳಿದರೆ ಡೋಪಮೀನ್ ನರತುದಿಗಳನ್ನು ತೋರಿಸುವ ಸ್ಕ್ಯಾನ್ ನೆರವಾಗುತ್ತದೆ. ಔಷಧದಿಂದ ಗ್ರಾಹಕ ಮುಚ್ಚಿದೆಯೇ ಹೊರತು ನರತುದಿ ಸತ್ತಿಲ್ಲವಾದ್ದರಿಂದ ಅಂಥವರ ಸ್ಕ್ಯಾನ್ ಸಹಜವಾಗಿರುತ್ತದೆ. ಮದ್ದು ನಿಲ್ಲಿಸಿದರೆ ಹೆಚ್ಚಿನವರಿಗೆ ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಗುಣವಾಗುತ್ತದೆ. ಇಂಥ ತೊಂದರೆ ಮಾನಸಿಕ ಕಾಯಿಲೆಯ ಮದ್ದುಗಳಿಂದಷ್ಟೇ ಬರುವುದಿಲ್ಲ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ತಲೆಸುತ್ತಿಗೆ ಕೊಡುವ ಸಿನ್ನರಿಜೀನ್, ಅರೆತಲೆನೋವಿಗೆ ಕೊಡುವ ಫ್ಲೂನರಿಜೀನ್‌ಗಳನ್ನು ತಿಂಗಳುಗಟ್ಟಲೆ ನುಂಗಿದ ವಯಸ್ಸಾದವರಲ್ಲೂ ಇದು ಕಾಣುತ್ತದೆ.

ಒಂದೇ ತಲೆಯಲ್ಲಿ ಎರಡೂ

ತಿರುಗುಮುರುಗಾದ ಸ್ಥಿತಿ ಹೇಗಿರುತ್ತದೆ ಎಂಬುದಕ್ಕೆ ಎಪ್ಪತ್ತು ದಾಟಿದ ಪಾರ್ಕಿನ್ಸನ್ ರೋಗಿಯೊಬ್ಬರನ್ನು ಊಹಿಸಿಕೊಳ್ಳಬಹುದು. ಎಂಟು ವರ್ಷಗಳಿಂದ ಲೀವೋಡೋಪಾ ನಡೆದಿದೆ. ಅದು ಸಾಲದಾದಾಗ ಡೋಪಮೀನಿನಂತೆಯೇ ಗ್ರಾಹಕವನ್ನು ಚುರುಕುಗೊಳಿಸುವ ಪ್ರಮಿಪೆಕ್ಸೋಲ್ ಸೇರಿದೆ. ನಡುಕಕ್ಕೆಂದು ಟ್ರೈಹೆಕ್ಸಿಫೆನಿಡಿಲ್ ಇದೆ. ಈಗ ಸಂಜೆಯಾದರೆ ಜಗಲಿಯಲ್ಲಿ ಮಕ್ಕಳು ಕುಳಿತಿರುವುದು ಅವರಿಗೆ ಕಾಣುತ್ತದೆ. ಮೊದಮೊದಲು ಅದು ನಿಜವಲ್ಲವೆಂದು ಅವರಿಗೇ ಗೊತ್ತಿತ್ತು. ಈಚೆಗೆ ಹೆಂಡತಿಯ ಮೇಲೆ ಸಂಶಯ ಶುರುವಾಗಿದೆ.

ಇದಕ್ಕೆ ಒಂದು ಕಾರಣ ಹಾದಿಗಳ ನಾಶ ಒಂದೇ ಸಮನಾಗಿಲ್ಲದಿರುವುದು. ಚಲನೆಯ ಹಾದಿ ಬಹುಪಾಲು ಹೋಗಿದೆ, ಪಕ್ಕದ ಮೀಸೋಲಿಂಬಿಕ್ ಹಾದಿ ಅಷ್ಟು ಹೋಗಿಲ್ಲ. ಚಲನೆಯ ಭಾಗಕ್ಕೆ ಸರಿಹೋಗುವ ಪ್ರಮಾಣ ಉಳಿದ ಭಾಗಕ್ಕೆ ಅತಿಯಾಗುತ್ತದೆ. ಪ್ರಮಿಪೆಕ್ಸೋಲಿನಂಥ ಮದ್ದು ಸೇವಿಸುವ ಕೆಲವರಲ್ಲಿ ತಡೆಯಲಾಗದ ಜೂಜಿನ ಚಟ ಹತ್ತುವುದೂ ಇದೇ ಕಾರಣಕ್ಕೆ ಎನ್ನಲಾಗುತ್ತದೆ. ಆದರೆ ಔಷಧವೊಂದೇ ದೋಷಿಯಲ್ಲ. ಕಾಯಿಲೆ ಬೆಳೆದಂತೆ ದೃಷ್ಟಿಗೆ, ಎಚ್ಚರಕ್ಕೆ ಸಂಬಂಧಿಸಿದ ಇತರ ನರಜಾಲಗಳೂ ಕೆಡುತ್ತವೆ. ಅದೇ ಪ್ರಮಾಣದ ಮದ್ದು ಐದು ವರ್ಷ ಹಿಂದೆ ಭ್ರಮೆ ತಂದಿರಲಿಲ್ಲವಲ್ಲ.

ಇಂಥ ಸ್ಥಿತಿಯಲ್ಲಿ ವೈದ್ಯರು ಮೊದಲು ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿಕೆ, ಹೊಸದಾಗಿ ಶುರುವಾದ ಮದ್ದುಗಳನ್ನು ಹುಡುಕುತ್ತಾರೆ. ವಯಸ್ಸಾದವರಲ್ಲಿ ಇವಿಷ್ಟೇ ಸಾಕು ಗೊಂದಲ ತರಲು. ಅವಿಲ್ಲದಿದ್ದರೆ ಔಷಧಗಳನ್ನು ಒಂದೊಂದಾಗಿ ಇಳಿಸುತ್ತಾರೆ. ಮೊದಲು ಟ್ರೈಹೆಕ್ಸಿಫೆನಿಡಿಲ್, ಆಮೇಲೆ ನಿಧಾನವಾಗಿ ಪ್ರಮಿಪೆಕ್ಸೋಲ್, ಕೊನೆಗೆ ಬೇಕಾದರಷ್ಟೇ ಲೀವೋಡೋಪಾ. ಅದನ್ನು ಇಳಿಸಿದಷ್ಟೂ ಮೈ ಬಿಗಿಯುವುದರಿಂದ ಅದಕ್ಕೆ ಕೈಹಾಕುವುದು ಕಡೆಯಲ್ಲಿ. ಇಷ್ಟಾದರೂ ಭ್ರಮೆ ನಿಲ್ಲದಿದ್ದರೆ ಸೈಕೋಸಿಸ್ ಔಷಧ ಬೇಕಾಗುತ್ತದೆ. ಅಲ್ಲಿ ಹ್ಯಾಲೊಪೆರಿಡಾಲ್ ಕೊಟ್ಟರೆ ಉಳಿದಿರುವ ಅಲ್ಪ ಡೋಪಮೀನಿಗೂ ಗ್ರಾಹಕ ಸಿಗದೆ ರೋಗಿ ಹಾಸಿಗೆ ಹಿಡಿಯಬಹುದು. ಡಿ2 ಗ್ರಾಹಕವನ್ನು ಸಡಿಲವಾಗಿ ಹಿಡಿದು ಬೇಗ ಬಿಡುವ, ಸಿರೊಟೊನಿನ್ ಗ್ರಾಹಕಗಳ ಮೇಲೂ ಕೆಲಸ ಮಾಡುವ ಕ್ಲೋಜಪೀನ್ ಅಥವಾ ಕ್ವಿಟಿಯಪೀನನ್ನು ಆರಿಸುತ್ತಾರೆ. ಸ್ಕಿಜೋಫ್ರೇನಿಯಾಕ್ಕೆ ನೂರಾರು ಮಿಲಿಗ್ರಾಂ ಬೇಕಾಗುವ ಕ್ಲೋಜಪೀನ್ ಇಲ್ಲಿ 6.25 ಮಿಲಿಗ್ರಾಂನಿಂದ ಆರಂಭವಾಗಿ ಸಾಮಾನ್ಯವಾಗಿ 50 ದಾಟುವುದಿಲ್ಲ. ಬಿಳಿ ರಕ್ತಕಣಗಳು ಇಳಿಯುವ ಅಪಾಯವಿರುವುದರಿಂದ ರಕ್ತಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸಬೇಕು.

ಈ ಔಷಧಗಳನ್ನು ಸೇವಿಸುವವರ ಮನೆಯವರು ಮೂರು ವಿಷಯ ನೆನಪಿಡಬೇಕು. ಪಾರ್ಕಿನ್ಸನ್ನಿನ ಮಾತ್ರೆಯನ್ನಾಗಲಿ ಸೈಕೋಸಿಸ್ ಮಾತ್ರೆಯನ್ನಾಗಲಿ ತಾವಾಗಿ ನಿಲ್ಲಿಸಬಾರದು; ಲೀವೋಡೋಪಾವನ್ನು ಥಟ್ಟನೆ ನಿಲ್ಲಿಸಿದರೆ ತೀವ್ರ ಜ್ವರ ಮತ್ತು ಬಿಗಿತ ಬಂದು ಪ್ರಾಣಕ್ಕೇ ಕುತ್ತಾಗಬಹುದು, ಸೈಕೋಸಿಸ್ ಮಾತ್ರೆ ಬಿಟ್ಟರೆ ಕಾಯಿಲೆ ಮರುಕಳಿಸಬಹುದು. ಹೊಸದಾಗಿ ಬಿಗಿತ, ನಡುಕ ಅಥವಾ ಭ್ರಮೆ ಕಂಡರೆ ಅದನ್ನು ವಯಸ್ಸಿನ ಪಾಲಿಗೆ ಬಿಡದೆ ವೈದ್ಯರಿಗೆ ತಿಳಿಸಬೇಕು. ಯಾವ ವೈದ್ಯರ ಬಳಿಗೆ ಹೋದರೂ, ಅದು ವಾಂತಿಗೋ ತಲೆಸುತ್ತಿಗೋ ಆದರೂ, ನುಂಗುತ್ತಿರುವ ಎಲ್ಲ ಮದ್ದುಗಳ ಪಟ್ಟಿಯನ್ನು ಜೊತೆಗೊಯ್ಯಬೇಕು.